ಟ್ರೂ, ಫಾಲ್ಸ್, ನಾಟ್ ಗಿವನ್: ಹುಡುಕೋದೇ ಬೇರೆ, ತೀರ್ಮಾನ ಮಾಡೋದೇ ಬೇರೆ

ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಅಕಾಡೆಮಿಕ್ ರೀಡಿಂಗ್ ಅಂದ್ರೆ 60 ನಿಮಿಷ, ಮೂರು ಪ್ಯಾಸೇಜು, 40 ಪ್ರಶ್ನೆ. ನಾನು ನರ್ಸು, ಯುಕೆ ರಿಜಿಸ್ಟ್ರೇಷನ್‌ಗೆ ರೀಡಿಂಗ್‌ನಲ್ಲಿ 7 ಬ್ಯಾಂಡ್ ಸ್ಕೋರ್ ಬೇಕಿತ್ತು, ಅಂದ್ರೆ 40ರಲ್ಲಿ ಸುಮಾರು 30 ಸರಿ ಬರ್ಬೇಕು. ಖಾಲಿ ಜಾಗ ತುಂಬೋದು, ಹೆಡಿಂಗ್ ಹೊಂದ್ಸೋದು ಎಲ್ಲಾ ಹೇಗೋ ನಡೀತಿತ್ತು. ಟೈಮ್ ಎಲ್ಲಾ ನುಂಗ್ತಿದ್ದಿದ್ದು ಈ ಟ್ರೂ, ಫಾಲ್ಸ್, ನಾಟ್ ಗಿವನ್ ಒಂದೇ. ಒಂದು ಸೆಟ್‌ನಲ್ಲಿ ಆರೋ ಏಳೋ ಹೇಳಿಕೆ ಇರುತ್ತೆ, ಒಂದೊಂದೂ ಪ್ಯಾಸೇಜ್ ಪ್ರಕಾರ ಸರಿನಾ, ತಪ್ಪಾ, ಇಲ್ಲಾ ಪ್ಯಾಸೇಜ್‌ನಲ್ಲಿ ಹೇಳೇ ಇಲ್ವಾ ಅಂತ ಉತ್ತರ ಕೊಡ್ಬೇಕು. ಅದ್ರಲ್ಲಿ ಇಲ್ಲದೇ ಇರೋ ವಿಷಯ ಹುಡ್ಕೊಂಡು ಇಡೀ ಪ್ಯಾಸೇಜನ್ನ ಮೂರು ಸಲ ಮೇಲಿಂದ ಕೆಳಗೆ ಓದೋದು, ಆಮೇಲೆ ಮೂರನೇ ಪ್ಯಾಸೇಜ್‌ಗೆ ಉಸಿರು ಬಿಡೋಕೂ ಟೈಮ್ ಇಲ್ಲ.

ನಮ್ಮ ವಾರ್ಡಿನ ಇನ್‌ಚಾರ್ಜ್ ಶೋಭಕ್ಕ ಅವ್ರು ಆಗ್ಲೇ ಈ ಪರೀಕ್ಷೆ ಪಾಸಾಗಿದ್ರು, ವೀಸಾ ಕಾಯ್ತಾ ಇದ್ರು. ನೈಟ್ ಡ್ಯೂಟಿ ಮುಗಿದ್ಮೇಲೆ ಕ್ಯಾಂಟೀನಲ್ಲಿ ಕೂತು ಹೇಳ್ಕೊಡೋರು. ಅವ್ರು ಮೊದಲು ಹೇಳಿದ್ದು ಒಂದೇ ಮಾತು: "ಸ್ಕಿಮ್ಮಿಂಗು ಸ್ಕ್ಯಾನಿಂಗು ಉತ್ತರ ಕೊಡಲ್ಲ ಕಣೇ, ಉತ್ತರ ಎಲ್ಲಿದೆ ಅಂತ ತೋರ್ಸುತ್ತೆ ಅಷ್ಟೇ. ಉತ್ತರ ಬೇಕಂದ್ರೆ ಅಲ್ಲಿ ನಿಂತ್ಕೊಂಡು ಎರಡು ವಾಕ್ಯ ನಿಧಾನ ಓದ್ಬೇಕು." ಸ್ಕಿಮ್ಮಿಂಗ್ ಅಂದ್ರೆ ಪೂರ್ತಿ ಓದದೆ ಮೇಲೆ ಮೇಲೆ ಕಣ್ಣು ಆಡ್ಸೋದು, ಸ್ಕ್ಯಾನಿಂಗ್ ಅಂದ್ರೆ ಬೇಕಾದ ಪದ ಮಾತ್ರ ಹುಡುಕೋದು. ಯೂಟ್ಯೂಬ್‌ನಲ್ಲಿ ಎಷ್ಟೋ ವಿಡಿಯೋ ನೋಡಿದ್ದೆ, ಎಲ್ರೂ ಬೇಗ ಓದಿ ಬೇಗ ಓದಿ ಅಂತಾನೇ ಹೇಳೋರು, ಎಲ್ಲಿ ನಿಧಾನ ಮಾಡ್ಬೇಕು ಅಂತ ಯಾರೂ ಹೇಳಿರ್ಲಿಲ್ಲ.

ಮೊದಲು ಸ್ಕಿಮ್ಮಿಂಗ್ ವಿಷಯ. ಒಂದು ಪ್ಯಾಸೇಜ್ ಏಳೆಂಟುನೂರು ಪದ ಇರುತ್ತೆ, ಅದಕ್ಕೆ ನಾನು ಕೊಡ್ತಿದ್ದಿದ್ದು ಎರಡು ನಿಮಿಷ, ಜಾಸ್ತಿ ಅಂದ್ರೆ ಎರಡೂವರೆ. ಟೈಟಲ್ಲು, ಅದರ ಕೆಳಗೆ ಸಣ್ಣ ಸಾಲು ಇದ್ರೆ ಅದು, ಪ್ರತಿ ಪ್ಯಾರಾದ ಮೊದಲ ವಾಕ್ಯ ಪೂರ್ತಿ, ಉಳಿದದ್ದರ ಮೇಲೆ ಕಣ್ಣು ಆಡ್ಸೋದು, ಮಧ್ಯದಲ್ಲಿ 'ಬಟ್', 'ಹೌಎವರ್' ಕಂಡ್ರೆ ಅಲ್ಲಿ ಒಂದು ಕ್ಷಣ ನಿಲ್ಲೋದು, ಯಾಕಂದ್ರೆ ಮಾತು ತಿರುಗೋದು ಅಲ್ಲೇ. ಇದ್ರಿಂದ ಬರ್ಬೇಕಾಗಿರೋದು ವಿಷಯದ ಜ್ಞಾನ ಅಲ್ಲ, ಯಾವ ಪ್ಯಾರಾ ಏನು ಮಾಡ್ತಿದೆ ಅನ್ನೋದು: ಇದು ಹಳೇ ಕಥೆ, ಇದು ಕಾರಣ, ಇದು ಸಮಸ್ಯೆ, ಇದು ಇವತ್ತಿನ ಸ್ಥಿತಿ. ಎರಡೆರಡು ಪದ ಪಕ್ಕದಲ್ಲಿ ಗೀಚ್ಕೊಂಡ್ರೆ ಸಾಕು. ಕಂಪ್ಯೂಟರ್‌ನಲ್ಲಿ ಬರೆಯೋರಿಗೆ ಪೆನ್ಸಿಲ್ ಬದಲು ಹೈಲೈಟ್ ಇದೆ, ಪದ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಮಾಡಿದ್ರೆ ಬಣ್ಣ ಬರುತ್ತೆ. ನಾನು ಇಸವಿ ಮತ್ತೆ ಹೆಸರು ಮಾತ್ರ ಹೈಲೈಟ್ ಮಾಡ್ತಿದ್ದೆ, ಎಲ್ಲಾ ಮಾಡಿದ್ರೆ ಸ್ಕ್ರೀನ್ ಪೂರ್ತಿ ಹಳದಿ ಆಗಿ ಯಾವುದೂ ಕಾಣಲ್ಲ.

ಪ್ರಶ್ನೆ ಮೊದಲು ಓದ್ಬೇಕಾ ಪ್ಯಾಸೇಜ್ ಮೊದಲಾ ಅಂತ ದೊಡ್ಡ ಜಗಳ ಇದೆ. ನನ್ನ ಮಟ್ಟಿಗೆ ಈ ಥರದ ಪ್ರಶ್ನೆಗೆ ಮೊದಲು ಹೇಳಿಕೆಗಳ ಮೇಲೆ ಅರ್ಧ ನಿಮಿಷ, ಆಮೇಲೆ ಸ್ಕಿಮ್. ಹೇಳಿಕೆ ನೆನಪಿಟ್ಕೊಳ್ಳೋಕಲ್ಲ, ಅದ್ರಲ್ಲಿ ಬದಲಾಗದ ಪದ ಯಾವುದು ಅಂತ ನೋಡ್ಕೊಳ್ಳೋಕೆ. ಊರಿನ ಹೆಸರು, ಮನುಷ್ಯರ ಹೆಸರು, ಇಸವಿ, ಒಂದು ರೋಗದ ಅಥವಾ ಗಿಡದ ಹೆಸರು, ಇವನ್ನ ಪ್ರಶ್ನೆ ಬರೆಯೋರು ಬೇರೆ ಪದದಲ್ಲಿ ಹೇಳೋಕೆ ಆಗಲ್ಲ. 'ಹೆಚ್ಚಾಯ್ತು', 'ಕಷ್ಟ', 'ಒಪ್ಪಿದ್ರು' ಥರದ ಪದಗಳನ್ನ ಪಕ್ಕಾ ಬದಲಾಯಿಸಿರ್ತಾರೆ. ಸ್ಕ್ಯಾನ್ ಮಾಡುವಾಗ ಮೊದಲನೇ ಥರದ್ದನ್ನ ಮಾತ್ರ ಹುಡುಕ್ಬೇಕು. ಎರಡನೇ ಥರದ್ದನ್ನ ಹುಡುಕ್ತಾ ಕೂತ್ರೆ ಅದು ಅಲ್ಲೇ ಇದ್ರೂ ಕಣ್ಣಿಗೆ ಬೀಳಲ್ಲ.

ಸ್ಕ್ಯಾನ್ ಮಾಡೋದ್ರಲ್ಲಿ ನಂಗಿದ್ದ ತೊಂದ್ರೆ ಅಂದ್ರೆ ಕಣ್ಣು ಎಲ್ಲಾದ್ರೂ ಒಂದು ಕಡೆ ಸಿಕ್ಕಾಕೊಂಡು ಓದೋಕೇ ಶುರು ಮಾಡ್ಬಿಡೋದು. ಅದಕ್ಕೆ ಶೋಭಕ್ಕ ಪ್ಯಾರಾನ ಕೆಳಗಿಂದ ಮೇಲೆ ನೋಡು ಅಂದ್ರು. ಕೊನೇ ಸಾಲಿಂದ ಹಿಂದಕ್ಕೆ ಹೋದ್ರೆ ವಾಕ್ಯಕ್ಕೆ ಅರ್ಥನೇ ಬರಲ್ಲ, ಹಂಗಾಗಿ ಓದೋಕೆ ಆಗೋದಿಲ್ಲ, ಬರೀ ಅಂಕಿ ಮತ್ತೆ ಕ್ಯಾಪಿಟಲ್ ಅಕ್ಷರ ಎದ್ದು ಕಾಣುತ್ತೆ. ಮೊದಲು ನಗು ಬಂತು, ಆಮೇಲೆ ಅದೇ ಅಭ್ಯಾಸ ಆಯ್ತು.

ಇನ್ನು ಮುಖ್ಯವಾದದ್ದು, ಈ ಹೇಳಿಕೆಗಳು ಪ್ಯಾಸೇಜ್‌ನ ಕ್ರಮದಲ್ಲೇ ಬರುತ್ವೆ. ಎರಡನೇ ಹೇಳಿಕೆ ವಿಷಯ ಮೊದಲನೇದಕ್ಕಿಂತ ಮುಂದೆ, ಮೂರನೇದಕ್ಕಿಂತ ಹಿಂದೆ. ಇದು ಎಲ್ರಿಗೂ ಗೊತ್ತಿರೋ ವಿಷಯಾನೇ, ಆದ್ರೆ ನಾಟ್ ಗಿವನ್‌ಗೆ ಇದನ್ನ ಬಳಸೋರು ಕಮ್ಮಿ. ಅದು ಹೇಗೆ ಅಂತ ಒಂದು ಪ್ಯಾಸೇಜ್ ಇಟ್ಕೊಂಡೇ ಹೇಳ್ತೀನಿ.

ಶೋಭಕ್ಕನ ಯಜಮಾನ್ರು ಕರೆಂಟ್ ಇಲಾಖೆಲಿ ಇಂಜಿನಿಯರ್ರು. ನನ್ನ ಹತ್ರ ಇದ್ದ ಪ್ರಾಕ್ಟೀಸ್ ಪುಸ್ತಕದ ಉತ್ತರ ಎಲ್ಲಾ ಬಾಯಿಪಾಠ ಆಗೋಗಿತ್ತು, ಅದಕ್ಕೆ ಅಕ್ಕ ಅವ್ರ ಕೈಲೇ ಇಂಗ್ಲಿಷ್‌ನಲ್ಲಿ ಒಂದು ಸಣ್ಣ ಪ್ಯಾಸೇಜ್ ಬರ್ಸಿ, ತಾವು ಐದು ಹೇಳಿಕೆ ಹಾಕ್ಕೊಂಡು ತಂದಿದ್ರು. ಪ್ಯಾಸೇಜ್ ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗ್ಗೆ. ನಾನು ಮಂಡ್ಯದವಳು ಅಂತ ಬೇಕಂತ್ಲೇ ಅದನ್ನ ಆರಿಸಿದ್ರು, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಪ್ಯಾಸೇಜ್‌ನ ಸಾರ ಇಷ್ಟು. ಮೊದಲ ಪ್ಯಾರಾ: ಕೋಲಾರದ ಚಿನ್ನದ ಗಣಿಗಳು ಹತ್ತೊಂಬತ್ತನೇ ಶತಮಾನದ ಕೊನೇಲಿ ಬಹುಪಾಲು ಸ್ಟೀಮ್ ಇಂಜಿನ್‌ಗಳ ಮೇಲೆ ನಡೀತಿದ್ವು, ಉರುವಲಿನ ಖರ್ಚು ಜಾಸ್ತಿ ಇತ್ತು. ಎರಡನೇದು: ಮೈಸೂರು ಸರ್ಕಾರ ಕಾವೇರಿ ಜಲಪಾತದ ಹತ್ರ ವಿದ್ಯುತ್ ಕೇಂದ್ರ ಕಟ್ಟಿಸ್ತು, ಗಣಿ ಕಂಪನಿಗಳಿಗೆ ಕರೆಂಟ್ ಮಾರೋಕೆ ಒಪ್ಪಂದ ಆಯ್ತು, 1902ರಲ್ಲಿ ಸುಮಾರು 147 ಕಿಲೋಮೀಟರ್ ಲೈನ್ ಮೂಲಕ ಕೋಲಾರಕ್ಕೆ ಸಪ್ಲೈ ಶುರು ಆಯ್ತು. ಮೂರನೇದು: ಅದಾಗಿ ಮೂರು ವರ್ಷಕ್ಕೆ ಬೆಂಗಳೂರಿನ ಬೀದಿ ದೀಪಗಳಿಗೆ ಅದೇ ಕರೆಂಟ್ ಬಂತು. ನಾಲ್ಕನೇದು: ಬೇಸಿಗೆಲಿ ನದಿ ನೀರು ಕಮ್ಮಿ ಆಗಿ ಕರೆಂಟ್‌ಗೆ ತೊಂದ್ರೆ ಆಗ್ತಿತ್ತು, 1911ರಲ್ಲಿ ಕನ್ನಂಬಾಡಿ ಹತ್ರ ಕಟ್ಟೆ ಕೆಲಸ ಶುರು ಆಗೋಕೆ ಇದೂ ಒಂದು ಕಾರಣ.

ಹೇಳಿಕೆಗಳು ಐದು. ಒಂದು, 1902ಕ್ಕೆ ಮೊದಲು ಗಣಿಗಳ ಯಂತ್ರಗಳೆಲ್ಲಾ ಸ್ಟೀಮ್‌ನಿಂದಲೇ ನಡೀತಿದ್ವು. ಎರಡು, ಗಣಿ ಕಂಪನಿಗಳು ಕೇಳ್ಕೊಂಡಿದ್ದಕ್ಕೆ ಸರ್ಕಾರ ಕೇಂದ್ರ ಕಟ್ಟಿಸ್ತು. ಮೂರು, ಶಿವನಸಮುದ್ರದ್ದು ಭಾರತದ ಮೊದಲ ಜಲವಿದ್ಯುತ್ ಕೇಂದ್ರ. ನಾಲ್ಕು, ಬೆಂಗಳೂರಿಗಿಂತ ಮೊದಲು ಗಣಿಗಳಿಗೆ ಈ ಕರೆಂಟ್ ಸಿಕ್ತು. ಐದು, ಕನ್ನಂಬಾಡಿ ಕಟ್ಟೆಯ ಉದ್ದೇಶ ವಿದ್ಯುತ್ ಮಾತ್ರ.

ನಾಲ್ಕನೇದರಿಂದ ಶುರು ಮಾಡ್ತೀನಿ, ಸುಲಭ ಅಂತ. ಬೆಂಗಳೂರು ಅನ್ನೋ ಪದ ಒಂದೇ ಕಡೆ ಇದೆ, ಮೂರನೇ ಪ್ಯಾರಾದಲ್ಲಿ. ಅಲ್ಲಿ 'ಮೊದಲು' ಅನ್ನೋ ಪದ ಇಲ್ವೇ ಇಲ್ಲ, 'ಮೂರು ವರ್ಷಕ್ಕೆ' ಅಂತಿದೆ. ಯಾವಾಗಿಂದ ಮೂರು ವರ್ಷ ಅಂತ ಒಂದು ವಾಕ್ಯ ಹಿಂದೆ ಹೋಗಿ ನೋಡಿದ್ರೆ 1902, ಕೋಲಾರ. ಟ್ರೂ. ಹೇಳಿಕೇಲಿರೋ ಪದ ಪ್ಯಾಸೇಜ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ನಾಟ್ ಗಿವನ್ ಅಲ್ಲ, ಎರಡು ವಾಕ್ಯ ಸೇರಿಸಿದ್ರೆ ಅರ್ಥ ಖಚಿತವಾಗಿ ಬರೋದಾದ್ರೆ ಅದು ಕೊಟ್ಟಿರೋ ಮಾಹಿತಿನೇ. ಸ್ಕ್ಯಾನ್ ಮಾಡಿ ಸಿಕ್ಕಿದ ಸಾಲಿನ ಹಿಂದಿನದು ಒಂದು, ಮುಂದಿನದು ಒಂದು ಓದ್ಲೇಬೇಕು ಅನ್ನೋದು ಇದಕ್ಕೇ.

ಮೊದಲನೇದು ನೋಡಿ. 'ಎಲ್ಲಾ', 'ಸ್ಟೀಮ್‌ನಿಂದಲೇ' ಅಂತ ಹೇಳಿಕೆ. ಪ್ಯಾಸೇಜ್‌ನಲ್ಲಿ 'ಬಹುಪಾಲು', ಇಂಗ್ಲಿಷ್‌ನಲ್ಲಿ ಅವ್ರು 'ಲಾರ್ಜ್‌ಲಿ' ಅಂತ ಬರೆದಿದ್ರು. ಬಹುಪಾಲು ಅಂದ್ರೆ ಪೂರ್ತಿ ಅಲ್ಲ, ಹಂಗಾಗಿ ಫಾಲ್ಸ್. ಇಲ್ಲಿ ಸುಮಾರು ಜನ ಟ್ರೂ ಹಾಕ್ತಾರೆ, ಯಾಕಂದ್ರೆ ಗಣಿ, ಸ್ಟೀಮ್, ಇಸವಿ ಎಲ್ಲಾ ಹೊಂದ್ಕೊಳ್ಳುತ್ತೆ, ಒಂದೇ ಒಂದು ಅಳತೆ ಪದ ಮಾತ್ರ ಬೇರೆ. ಹೇಳಿಕೆ ಓದುವಾಗ್ಲೇ ಇಂಥ ಪದಕ್ಕೆ ಒಂದು ಸುತ್ತು ಹಾಕ್ಕೋಬೇಕು: ಆಲ್, ಓನ್ಲಿ, ಮೋಸ್ಟ್, ಫಸ್ಟ್, ಆಲ್ವೇಸ್, ಮೇನ್. ಅದನ್ನ ಹುಡುಕೋಕೆ ಬಳಸಬಾರ್ದು, ಜಾಗ ಸಿಕ್ಕಿದ್ಮೇಲೆ ತಾಳೆ ನೋಡೋಕೆ ಮಾತ್ರ. ಐದನೇದೂ ಇದೇ ಜಾತಿ. 'ಇದೂ ಒಂದು ಕಾರಣ' ಅಂತ ಪ್ಯಾಸೇಜು, 'ಮಾತ್ರ' ಅಂತ ಹೇಳಿಕೆ, ಎರಡೂ ಒಟ್ಟಿಗೆ ನಿಜ ಆಗೋಕೆ ಆಗಲ್ಲ. ಫಾಲ್ಸ್.

ಈ 'ಒಟ್ಟಿಗೆ ನಿಜ ಆಗ್ಬಹುದಾ' ಅನ್ನೋ ಪ್ರಶ್ನೆನೇ ಫಾಲ್ಸ್‌ಗೂ ನಾಟ್ ಗಿವನ್‌ಗೂ ಇರೋ ಗೆರೆ. ನಂಗೆ ತುಂಬಾ ದಿನ ಇವೆರಡರ ಮಧ್ಯ ಗೊಂದಲ, ಕೋಚಿಂಗ್‌ನಲ್ಲಿ ಕೇಳಿದ್ರೆ "ವಿರುದ್ಧ ಇದ್ರೆ ಫಾಲ್ಸ್, ಇಲ್ದಿದ್ರೆ ನಾಟ್ ಗಿವನ್" ಅಂತ ಸೂಚನೆಲಿರೋದನ್ನೇ ತಿರುಗಿ ಹೇಳೋರು. ಅಕ್ಕ ಹೇಳಿದ್ದು ಹೀಗೆ: ಪ್ಯಾಸೇಜ್ ವಾಕ್ಯ ನಿಜ ಅಂತ ಒಪ್ಕೋ, ಹೇಳಿಕೇನೂ ನಿಜ ಅಂತ ಒಪ್ಕೋ, ಈಗ ಎರಡಕ್ಕೂ ಜಗಳ ಆಗುತ್ತಾ? ಜಗಳ ಆದ್ರೆ ಫಾಲ್ಸ್. ಜಗಳ ಇಲ್ಲ, ಆದ್ರೆ ಒಂದರಿಂದ ಇನ್ನೊಂದು ಬರೋದೂ ಇಲ್ಲ ಅಂದ್ರೆ ನಾಟ್ ಗಿವನ್.

ಎರಡನೇ ಹೇಳಿಕೆಗೆ ಇದನ್ನ ಹಚ್ಚಿ ನೋಡಿ. ಸರ್ಕಾರ ಇದೆ, ಕಂಪನಿ ಇದೆ, ಕೇಂದ್ರ ಕಟ್ಟಿದ್ದಿದೆ, ಒಪ್ಪಂದ ಇದೆ. ಸ್ಕ್ಯಾನ್ ಮಾಡಿದ್ರೆ ಹತ್ತೇ ಸೆಕೆಂಡಿಗೆ ಜಾಗ ಸಿಗುತ್ತೆ, ಎಲ್ಲಾ ಪದನೂ ಒಂದೇ ಕಡೆ. ಇಲ್ದೇ ಇರೋದು ಒಂದೇ ಒಂದು ಕೊಂಡಿ: ಯಾರು ಮೊದಲು ಕೇಳಿದ್ದು. ಕಂಪನಿಯೋರು ಬಂದು ಕೇಳಿರ್ಬಹುದು, ಸರ್ಕಾರವೇ ಹೋಗಿ ಕೇಳಿರ್ಬಹುದು, ಪ್ಯಾಸೇಜ್‌ನಲ್ಲಿ ಬರೀ ಒಪ್ಪಂದ ಆಯ್ತು ಅಂತಿದೆ. ಜಗಳ ಇಲ್ಲ, ಆಧಾರನೂ ಇಲ್ಲ. ನಾಟ್ ಗಿವನ್. ನಾನು ನೋಡಿದ ಹಾಗೆ ಬಹಳಷ್ಟು ನಾಟ್ ಗಿವನ್‌ಗಳು ಇದೇ ಥರ, ವಿಷಯ ಪೂರ್ತಿ ಇರುತ್ತೆ, ಕಾರಣ ಅಥವಾ ಹೋಲಿಕೆ ಅಥವಾ ಯಾರು ಶುರು ಮಾಡಿದ್ದು ಅನ್ನೋದು ಮಾತ್ರ ಇರಲ್ಲ. ಇಡೀ ವಿಷಯವೇ ಇಲ್ದೇ ಇರೋ ನಾಟ್ ಗಿವನ್ ಕಮ್ಮಿ. ಅದಕ್ಕೇ 'ಹುಡುಕ್ದೆ, ಸಿಗ್ಲಿಲ್ಲ, ನಾಟ್ ಗಿವನ್' ಅನ್ನೋದು ಅಪಾಯ, ಜಾಗ ಸಿಕ್ಕಿ ಅಲ್ಲಿ ಕೊಂಡಿ ಇಲ್ಲ ಅಂತ ನೋಡಿ ಹಾಕಿದ ನಾಟ್ ಗಿವನ್‌ಗೂ, ಜಾಗನೇ ಸಿಗದೆ ಸುಸ್ತಾಗಿ ಹಾಕಿದ ನಾಟ್ ಗಿವನ್‌ಗೂ ಭಾಳ ವ್ಯತ್ಯಾಸ ಇದೆ. ನಾನು ಪ್ರಾಕ್ಟೀಸ್ ಮಾಡುವಾಗ ಎರಡನೇ ಥರದ್ದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಡ್ತಿದ್ದೆ, ತಾಳೆ ನೋಡಿದಾಗ ತಪ್ಪು ಬಂದಿದ್ದು ಹೆಚ್ಚೂಕಮ್ಮಿ ಚುಕ್ಕೆ ಇಟ್ಟಿದ್ದೇ.

ಈಗ ಮೂರನೇದು, ಅಕ್ಕ ಬೇಕಂತ್ಲೇ ಹಾಕಿದ್ದು. "ಇದೇನಕ್ಕ, ಇದು ಟ್ರೂ ಅಲ್ವಾ, ಏಷ್ಯಾದಲ್ಲೇ ಮೊದಲು ಅಂತ ನಮ್ಮೂರಲ್ಲಿ ಎಲ್ರೂ ಹೇಳ್ತಾರೆ" ಅಂದೆ. ಪಕ್ಕದಲ್ಲಿ ಟೀ ಕುಡೀತಿದ್ದ ಅವ್ರ ಯಜಮಾನ್ರು "ಅಲ್ಲಮ್ಮ, ಡಾರ್ಜಿಲಿಂಗ್ ಹತ್ರ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಒಂದಿತ್ತು, ಹಂಗಾಗಿ ಫಾಲ್ಸ್" ಅಂದ್ರು. ಶೋಭಕ್ಕ ಇಬ್ರನ್ನೂ ನೋಡಿ "ನಿಮ್ಮಿಬ್ರಿಗೂ ಸೊನ್ನೆ" ಅಂದ್ರು. ಪ್ಯಾಸೇಜ್‌ನಲ್ಲಿ ಮೊದಲನೇದು ಹೌದು ಅಂತನೂ ಇಲ್ಲ, ಅಲ್ಲ ಅಂತನೂ ಇಲ್ಲ. ಹೊರಗಿನ ಲೋಕದಲ್ಲಿ ಯಜಮಾನ್ರು ಹೇಳಿದ್ದೇ ಸರಿ, ಪರೀಕ್ಷೇಲಿ ಮಾತ್ರ ನಾಟ್ ಗಿವನ್. ಬರೆದವ್ರೇ ತಮ್ಮ ಪ್ಯಾಸೇಜ್‌ನಲ್ಲಿ ಎಡವಿದ್ರು ಅಂದ್ರೆ ನೋಡಿ, ಬರೀವಾಗ ತಲೇಲಿದ್ದಿದ್ದಕ್ಕೂ ಕಾಗದದ ಮೇಲೆ ಇರೋದಕ್ಕೂ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ನರ್ಸ್‌ಗಳಿಗೆ ಇದು ದೊಡ್ಡ ಹಳ್ಳ, ಆರೋಗ್ಯದ ಮೇಲೆ ಪ್ಯಾಸೇಜ್ ಬಂದ್ರೆ ನಮ್ಗೆ ಗೊತ್ತಿರೋದೆಲ್ಲಾ ತಾನೇ ಬಂದು ಕೂತ್ಕೊಳ್ಳುತ್ತೆ. ಅದಕ್ಕೆ ನಾನು ಮಾಡ್ಕೊಂಡ ನಿಯಮ, ಟ್ರೂ ಅಥವಾ ಫಾಲ್ಸ್ ಹಾಕೋ ಮುಂಚೆ ಯಾವ ವಾಕ್ಯದಿಂದ ಅಂತ ಬೆರಳಿಟ್ಟು ತೋರಿಸ್ಬೇಕು, ಬೆರಳಿಡೋಕೆ ಜಾಗ ಇಲ್ಲ ಅಂದ್ರೆ ಅದು ನನ್ನ ತಲೆಯಿಂದ ಬಂದಿರೋದು.

ಕ್ರಮದ ವಿಷಯ ಹೇಳ್ತೀನಿ ಅಂದಿದ್ನಲ್ಲ, ಅದೂ ಈ ಮೂರನೇದ್ರಲ್ಲೇ ಇದೆ. 'ಭಾರತದ ಮೊದಲ' ಅಂತ ಹುಡುಕ್ತಾ ಹೋದ್ರೆ ಇಡೀ ಪ್ಯಾಸೇಜ್ ಸುತ್ತಬೇಕು, ಇಲ್ಲದೇ ಇರೋದು ಎಲ್ಲಿ ಇಲ್ಲ ಅಂತ ಹೇಗೆ ಹುಡುಕ್ತೀರಾ? ಆದ್ರೆ ಎರಡನೇದರ ಜಾಗ ಎರಡನೇ ಪ್ಯಾರಾದ ಒಪ್ಪಂದದ ವಾಕ್ಯ, ನಾಲ್ಕನೇದರ ಜಾಗ ಮೂರನೇ ಪ್ಯಾರಾದ ಬೆಂಗಳೂರು. ಹಂಗಾದ್ರೆ ಮೂರನೇದು ಇರೋದಾದ್ರೆ ಇವೆರಡರ ಮಧ್ಯನೇ ಇರ್ಬೇಕು, ಅಲ್ಲಿರೋದು ಒಂದೋ ಎರಡೋ ವಾಕ್ಯ. ಅದನ್ನ ಪದ ಬಿಡದೆ ಓದಿ, ಇಲ್ಲ ಅಂದ್ರೆ ನಾಟ್ ಗಿವನ್ ಹಾಕಿ ಮುಂದೆ ನಡೀರಿ. ಸಿಗದ ಪ್ರಶ್ನೆ ಬಿಟ್ಟು ಮುಂದಿನದು ಮಾಡಿ ವಾಪಸ್ ಬರೋದು ಇದಕ್ಕೇ, ಎರಡೂ ಕಡೆ ಗೂಟ ಹೊಡೆದ್ಮೇಲೆ ಹುಡುಕೋ ಜಾಗ ಚಿಕ್ಕದಾಗುತ್ತೆ. ನಿಜವಾದ ಪರೀಕ್ಷೇಲಿ ಮಧ್ಯ ಎರಡು ಪ್ಯಾರಾ ಇರ್ಬಹುದು, ಆದ್ರೂ ಇಡೀ ಪುಟಕ್ಕಿಂತ ವಾಸಿ. ಇದಕ್ಕೊಂದು ಮಿತಿ ಇದೆ. ಸೆಟ್‌ನ ಮೊದಲನೇ ಮತ್ತೆ ಕೊನೇ ಹೇಳಿಕೆಗೆ ಗೂಟ ಒಂದೇ ಕಡೆ ಇರುತ್ತೆ, ಮತ್ತೆ ಗೂಟನೇ ತಪ್ಪು ಜಾಗದಲ್ಲಿ ಹೊಡೆದ್ರೆ ನಡುವಿನದೂ ಕೆಡುತ್ತೆ. ನಾಲ್ಕನೇದರ ಉತ್ತರ ಎರಡನೇದಕ್ಕಿಂತ ಹಿಂದೆ ಸಿಕ್ತು ಅಂತ ಅನ್ನಿಸಿದ್ರೆ ಎರಡರಲ್ಲೊಂದು ಜಾಗ ತಪ್ಪು ಅಂತಲೇ ಅರ್ಥ, ಅದನ್ನ ಆಗ್ಲೇ ತಿದ್ಕೋಬೇಕು.

ಟೈಮ್ ಲೆಕ್ಕ ಹೇಳ್ಬೇಕಂದ್ರೆ, ಒಂದು ಹೇಳಿಕೆಗೆ ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಕೊಡ್ತಿರ್ಲಿಲ್ಲ. ಅದ್ರಲ್ಲಿ ಹುಡುಕೋಕೆ ಇಪ್ಪತ್ತು ಮೂವತ್ತು ಸೆಕೆಂಡ್, ಉಳಿದದ್ದೆಲ್ಲಾ ಓದಿ ತಾಳೆ ನೋಡೋಕೆ. ಮೊದಮೊದಲು ನಂದು ಉಲ್ಟಾ ಇತ್ತು, ಹುಡುಕೋದ್ರಲ್ಲೇ ಟೈಮ್ ಎಲ್ಲಾ ಹೋಗಿ ತೀರ್ಮಾನ ಐದು ಸೆಕೆಂಡಲ್ಲಿ ಆಗೋದು. ಒಂದೂವರೆ ನಿಮಿಷ ಆದ್ಮೇಲೂ ಫಾಲ್ಸಾ ನಾಟ್ ಗಿವನ್ನಾ ಅಂತ ಒದ್ದಾಡ್ತಿದ್ರೆ ಒಂದು ಹಾಕಿ ಮುಂದೆ ಹೋಗೋದೇ, ತಪ್ಪಾದ್ರೆ ಮಾರ್ಕ್ಸ್ ಕಳೆಯಲ್ಲ, ಖಾಲಿ ಬಿಟ್ರೆ ಮಾತ್ರ ನಷ್ಟ. ಅಂಥ ಸಂದರ್ಭದಲ್ಲಿ ನಾನು ನಾಟ್ ಗಿವನ್ ಹಾಕ್ತಿದ್ದೆ. ಫಾಲ್ಸ್ ಆಗಿದ್ದಿದ್ರೆ ಜಗಳ ಮಾಡೋ ಪದ ಅಷ್ಟು ಹೊತ್ತಿಗೆ ಕಣ್ಣಿಗೆ ಬಿದ್ದಿರೋದು ಅನ್ನೋದು ನನ್ನ ಲೆಕ್ಕ. ಯಾವಾಗ್ಲೂ ಸರಿ ಬರುತ್ತೆ ಅಂತ ಹೇಳಲ್ಲ.

ಕೆಲವ್ರು ಅತಿ ಬುದ್ಧಿವಂತಿಕೆ ಮಾಡ್ತಾರೆ, ನನ್ನ ಜೊತೆ ಓದ್ತಿದ್ದ ಹುಡುಗಿ ಒಬ್ಳು ಹಂಗೇ. ಪ್ಯಾಸೇಜ್‌ನಲ್ಲಿ 'ಬೇಸಿಗೆಲಿ ನೀರು ಕಮ್ಮಿ ಆಗಿ ಕರೆಂಟ್‌ಗೆ ತೊಂದ್ರೆ' ಅಂತ ಇದ್ದು, ಹೇಳಿಕೆ 'ವರ್ಷದ ಕೆಲವು ಸಮಯ ಸಪ್ಲೈಗೆ ಅಡಚಣೆ ಇತ್ತು' ಅಂತ ಇದ್ರೆ, "ಬೇಸಿಗೆ ಅಂದ್ರೆ ಎಲ್ಲಾ ಬೇಸಿಗೆನಾ, ಒಂದು ಬೇಸಿಗೆನಾ, ಹೇಳಿಲ್ವಲ್ಲ, ನಾಟ್ ಗಿವನ್" ಅನ್ನೋಳು. ಇಷ್ಟು ಕೂದಲು ಸೀಳೋಕೆ ಹೋದ್ರೆ ಯಾವುದೂ ಟ್ರೂ ಆಗಲ್ಲ. ಬೇರೆ ಪದದಲ್ಲಿ ಅದೇ ಮಾತು ಹೇಳಿದ್ರೆ ಟ್ರೂ, ಅಷ್ಟೇ. ಕೂದಲು ಸೀಳ್ಬೇಕಾಗಿರೋದು ಹೇಳಿಕೇಲೇ 'ಎಲ್ಲಾ', 'ಮಾತ್ರ', 'ಮೊದಲ' ಅಂತ ಸ್ಪಷ್ಟವಾಗಿ ಇದ್ದಾಗ.

ಪ್ರಾಕ್ಟೀಸ್ ಪೇಪರ್ ತಾಳೆ ನೋಡುವಾಗ ಎಷ್ಟು ಸರಿ ಅಂತ ಎಣಿಸೋದಕ್ಕಿಂತ, ತಪ್ಪಾಗಿದ್ದು ಯಾವ ಕಡೆ ತಪ್ಪಾಗಿದೆ ಅಂತ ನೋಡಿದ್ರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತೆ. ನಾಟ್ ಗಿವನ್ ಆಗ್ಬೇಕಿದ್ದ ಕಡೆ ಟ್ರೂ ಜಾಸ್ತಿ ಹಾಕಿದ್ರೆ ನೀವು ತಲೆಯಿಂದ ತುಂಬ್ತಿದ್ದೀರಾ ಅಥವಾ ಪದ ಹೊಂದಿದ್ದನ್ನೇ ನಂಬ್ತಿದ್ದೀರಾ ಅಂತ. ಟ್ರೂ ಆಗ್ಬೇಕಿದ್ದ ಕಡೆ ನಾಟ್ ಗಿವನ್ ಹಾಕ್ತಿದ್ರೆ ಸ್ಕ್ಯಾನಿಂಗ್ ಜಾಗ ತಪ್ತಿದೆ, ಇಲ್ಲಾ ಬೇರೆ ಪದದಲ್ಲಿ ಹೇಳಿದ್ದು ಗುರುತು ಸಿಗ್ತಿಲ್ಲ. ಫಾಲ್ಸ್ ಕಡೆ ಟ್ರೂ ಹಾಕಿದ್ರೆ ಅಳತೆ ಪದ ಬಿಟ್ಟು ಓದ್ತಿದ್ದೀರಾ. ನಂದು ಮೊದಲನೇ ಥರದ್ದೇ ಜಾಸ್ತಿ ಇತ್ತು, ಬೆರಳಿಡೋ ನಿಯಮ ಶುರು ಆದ್ಮೇಲೆ ಕಮ್ಮಿ ಆಯ್ತು.

ಇನ್ನೊಂದು ಸಣ್ಣ ವಿಷಯ. ಕೆಲವು ಸಲ ಸೂಚನೆ ಯೆಸ್, ನೋ, ನಾಟ್ ಗಿವನ್ ಅಂತ ಇರುತ್ತೆ. ಅಲ್ಲಿ ಕೇಳೋದು ಬರೆದವರ ಅಭಿಪ್ರಾಯ ಅಥವಾ ವಾದ, ಹಂಗಾಗಿ ಇಸವಿ ಹೆಸರು ಹಿಡ್ಕೊಂಡು ಸ್ಕ್ಯಾನ್ ಮಾಡೋದು ಅಷ್ಟು ಕೆಲಸಕ್ಕೆ ಬರಲ್ಲ. ಪ್ಯಾಸೇಜ್‌ನಲ್ಲಿ ಬೇರೆ ಯಾರೋ ವಿಜ್ಞಾನಿ ಹೇಳಿದ ಮಾತು ಬಂದ್ರೆ ಅದು ಬರೆದವರ ಅಭಿಪ್ರಾಯ ಅಂತ ತಗೋಬಾರ್ದು, ಬರೆದವ್ರು ಅದಕ್ಕೆ ಒಪ್ಪಿದ್ದಾರಾ ಇಲ್ವಾ ಅಂತ ಮುಂದಿನ ವಾಕ್ಯದಲ್ಲಿ ನೋಡ್ಬೇಕು. ಪೇಪರ್ ಮೇಲೆ ಬರೆಯೋರು ಯೆಸ್ ಕೇಳಿದ ಕಡೆ ಟ್ರೂ ಅಂತ ಬರೀದೆ, ಸೂಚನೇಲಿ ಯಾವ ಪದ ಕೊಟ್ಟಿದ್ದಾರೋ ಅದನ್ನೇ ಬರೀರಿ, ಮತ್ತೆ ಲಿಸನಿಂಗ್ ಥರ ಕೊನೇಲಿ ಉತ್ತರ ಶೀಟಿಗೆ ಎತ್ತಿ ಬರೆಯೋಕೆ ರೀಡಿಂಗ್‌ನಲ್ಲಿ ಬೇರೆ ಟೈಮ್ ಕೊಡಲ್ಲ, ಆ 60 ನಿಮಿಷದೊಳಗೇ ಅದೂ ಮುಗೀಬೇಕು.